ಬಣ್ಣಗುರುಡಿರುವ ಓದುಗರಿಗಾಗಿ ಬಣ್ಣಗಳ ಪರೀಕ್ಷೆ: ಕಾಂಟ್ರಾಸ್ಟ್ ಲೆಕ್ಕ ಹೇಳುವುದೇನು, ಹೇಳದಿರುವುದೇನು

ಗ್ರಾಫೊಂದರಲ್ಲಿ ಕೆಂಪು ಗೆರೆ ನಷ್ಟವನ್ನೂ ಹಸಿರು ಗೆರೆ ಲಾಭವನ್ನೂ ತೋರಿಸುತ್ತದೆ ಎಂದುಕೊಳ್ಳೋಣ. ಆ ಎರಡು ಬಣ್ಣಗಳು ಒಂದೇ ಆಗಿ ಕಾಣುವ ಓದುಗರಿಗೆ ಯಾವುದು ಲಾಭ, ಯಾವುದು ನಷ್ಟ ಎಂಬುದೇ ತಿಳಿಯುವುದಿಲ್ಲ. ನಕ್ಷೆ, ಗ್ರಾಫ್, ಮೊಬೈಲ್ ಆ್ಯಪ್ ಮುಂತಾದವುಗಳಿಗೆ ಆರಿಸಿಕೊಂಡ ಬಣ್ಣಗಳ ಗುಂಪಿಗೆ ಪ್ಯಾಲೆಟ್ ಎನ್ನುತ್ತಾರೆ. ಪ್ಯಾಲೆಟ್ಟಿನ ಯಾವ ಬಣ್ಣಗಳು ಯಾರ ಕಣ್ಣಿಗೆ ಬೆರೆತುಹೋಗುತ್ತವೆ ಎಂಬುದನ್ನು ಅದನ್ನು ರಚಿಸಿದವರು ನೋಡಿಯೇ ಹೇಳಲಾರರು. ಅವರ ಕಣ್ಣಿಗೆ ಎಲ್ಲವೂ ಬೇರೆಬೇರೆಯಾಗಿಯೇ ಕಾಣುತ್ತಿರುತ್ತವೆ. ಹೀಗಾಗಿ ಈ ಪರೀಕ್ಷೆಯನ್ನು ಲೆಕ್ಕಕ್ಕೆ ಒಪ್ಪಿಸುವ ರೂಢಿ ಬೆಳೆದಿದೆ. ಮೂವತ್ತು ಸಾಲಿನ ಒಂದು ಪೈಥಾನ್ ಪ್ರೋಗ್ರಾಂ ಸಾಕು. ಆದರೆ ಅದು ಕೊಡುವ ಸಂಖ್ಯೆಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ ಎಂಬುದು ಗೊತ್ತಿಲ್ಲದಿದ್ದರೆ ಕೆಟ್ಟ ಪ್ಯಾಲೆಟ್ ಪಾಸಾಗಿ ಒಳ್ಳೆಯದು ಫೇಲಾಗುವುದುಂಟು.

ಕಣ್ಣಿನಲ್ಲಿ ಆಗುವುದೇನು

ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಮೂರು ಬಗೆ. ಒಂದು ಉದ್ದ ತರಂಗಾಂತರದ ಬೆಳಕಿಗೆ, ಒಂದು ಮಧ್ಯಮ ತರಂಗಾಂತರಕ್ಕೆ, ಇನ್ನೊಂದು ಗಿಡ್ಡ ತರಂಗಾಂತರಕ್ಕೆ ಹೆಚ್ಚು ಸ್ಪಂದಿಸುತ್ತದೆ. ಈ ಮೂರರ ಸ್ಪಂದನೆಗಳನ್ನು ಹೋಲಿಸಿ ಮಿದುಳು ಬಣ್ಣವನ್ನು ಗುರುತಿಸುತ್ತದೆ. ಉದ್ದ ತರಂಗಾಂತರದ ಕೋಶಗಳು ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಅದು ಪ್ರೋಟಾನ್ ಬಗೆಯ ಬಣ್ಣಗುರುಡು. ಮಧ್ಯಮ ತರಂಗಾಂತರದವುಗಳಲ್ಲಿ ದೋಷವಿದ್ದರೆ ಡ್ಯೂಟಾನ್ ಬಗೆ. ಎರಡರಲ್ಲೂ ಕೆಂಪು, ಹಸಿರು, ಕಂದುಗಳ ನಡುವಣ ವ್ಯತ್ಯಾಸ ಮಂಕಾಗುತ್ತದೆ. ಗಿಡ್ಡ ತರಂಗಾಂತರದ ಕೋಶಗಳ ದೋಷ, ಅಂದರೆ ಟ್ರೈಟಾನ್ ಬಗೆ, ಬಹಳ ಅಪರೂಪ.

ಉದ್ದ ಮತ್ತು ಮಧ್ಯಮ ತರಂಗಾಂತರದ ಕೋಶಗಳ ವರ್ಣದ್ರವ್ಯವನ್ನು ರೂಪಿಸುವ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನ ಮೇಲಿವೆ. ಗಂಡಸರಲ್ಲಿ ಎಕ್ಸ್ ಒಂದೇ ಇರುವುದರಿಂದ ಆ ಜೀನ್ ಕೆಟ್ಟರೆ ಅದರ ಕೆಲಸ ಮಾಡಲು ಇನ್ನೊಂದಿರುವುದಿಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ, ಹೆಂಗಸರಲ್ಲಿ ಸುಮಾರು 200ರಲ್ಲಿ ಒಬ್ಬರಿಗೆ ಕೆಂಪು-ಹಸಿರು ಬಣ್ಣಗುರುಡು ಇರುತ್ತದೆ. ಉಳಿದ ಜನಸಮೂಹಗಳಲ್ಲಿ ಪ್ರಮಾಣ ಬೇರೆಯಾದರೂ ಗಂಡಸರಲ್ಲೇ ಹೆಚ್ಚು ಎಂಬುದು ಎಲ್ಲೆಡೆ ಸಮಾನ.

ಪ್ಯಾಲೆಟ್ ಪರೀಕ್ಷೆಯ ಆಧಾರ ಇಲ್ಲಿದೆ: ಕೆಂಪು-ಹಸಿರಿನ ಭೇದ ಮಂಕಾದರೂ ಎರಡು ಭೇದಗಳು ಉಳಿದಿರುತ್ತವೆ. ಒಂದು, ತಿಳಿ ಮತ್ತು ಗಾಢ ಬಣ್ಣಗಳ ಭೇದ. ಇನ್ನೊಂದು, ನೀಲಿ ಮತ್ತು ಹಳದಿಯ ಕಡೆಗಿನ ಬಣ್ಣಗಳ ಭೇದ. ಕಾಂಟ್ರಾಸ್ಟ್ ಅನುಪಾತ ಅಳೆಯುವುದು ಮೊದಲನೆಯದನ್ನು ಮಾತ್ರ.

ಅನುಪಾತದ ಲೆಕ್ಕ

ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಹೊರತಂದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿಯಲ್ಲಿ ಈ ಲೆಕ್ಕದ ಸೂತ್ರವಿದೆ. ಅನುಪಾತ 1 ಬಂದರೆ ಎರಡು ಬಣ್ಣಗಳ ಹೊಳಪು ಒಂದೇ. ಕಪ್ಪು-ಬಿಳುಪಿನ ನಡುವೆ ಅದು 21 ಆಗುತ್ತದೆ. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕು. 2018ರ 2.1ನೇ ಆವೃತ್ತಿಯು ಚಿತ್ರವನ್ನು ಅರ್ಥಮಾಡಿಕೊಳ್ಳಲು ಬೇಕಾದ ಭಾಗಗಳಿಗೂ ಪಕ್ಕದ ಬಣ್ಣದೊಂದಿಗೆ ಕನಿಷ್ಠ 3 ಇರಬೇಕೆಂದು ಸೇರಿಸಿತು. ಗ್ರಾಫಿನ ಗೆರೆ, ಕಂಬ, ಚುಕ್ಕೆಗಳು ಇದರಡಿ ಬರುತ್ತವೆ.

ಪರದೆಯ ಬಣ್ಣವನ್ನು `#D32F2F` ಎಂಬ ರೀತಿಯ ಆರು ಅಂಕೆಗಳಲ್ಲಿ ಬರೆಯುತ್ತಾರೆ. ಮೊದಲ ಎರಡು ಕೆಂಪಿನ, ನಡುವಿನ ಎರಡು ಹಸಿರಿನ, ಕೊನೆಯ ಎರಡು ನೀಲಿಯ ಪ್ರಮಾಣ; ಪ್ರತಿಯೊಂದೂ 0ರಿಂದ 255ರವರೆಗೆ ಇರಬಹುದು. ಆದರೆ ಈ ಅಂಕೆ ಇಮ್ಮಡಿಯಾದರೆ ಪರದೆಯಿಂದ ಹೊಮ್ಮುವ ಬೆಳಕು ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚುತ್ತದೆ. ಆದ್ದರಿಂದ ಮೊದಲ ಹೆಜ್ಜೆಯಲ್ಲಿ ಅಂಕೆಯನ್ನು ನಿಜವಾದ ಬೆಳಕಿನ ಪ್ರಮಾಣಕ್ಕೆ ಬದಲಿಸಬೇಕು. ಎರಡನೇ ಹೆಜ್ಜೆಯಲ್ಲಿ ಮೂರು ಬೆಳಕುಗಳನ್ನು ಅವುಗಳ ತೂಕಕ್ಕೆ ತಕ್ಕಂತೆ ಕೂಡಿಸಬೇಕು. ಕಣ್ಣು ಹಸಿರು ಬೆಳಕಿನಿಂದ ಹೆಚ್ಚು ಹೊಳಪನ್ನು ಗ್ರಹಿಸುವುದರಿಂದ ಅದರ ತೂಕ ಮುಕ್ಕಾಲು ಪಾಲಿಗೆ ಹತ್ತಿರ, ಕೆಂಪಿನದು ಐದನೇ ಒಂದು ಪಾಲಿಗಿಂತ ತುಸು ಹೆಚ್ಚು, ನೀಲಿಯದು ತೀರ ಕಡಿಮೆ. ಮೂರನೇ ಹೆಜ್ಜೆಯಲ್ಲಿ ಎರಡು ಹೊಳಪುಗಳಿಗೂ 0.05 ಸೇರಿಸಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು.

```python
def linear(c):
    c = c / 255
    return c / 12.92 if c <= 0.04045 else ((c + 0.055) / 1.055) ** 2.4

def rgb(h):
    return [linear(int(h[i:i+2], 16)) for i in (1, 3, 5)]

def lum(v):
    return 0.2126*v[0] + 0.7152*v[1] + 0.0722*v[2]

def ratio(a, b):
    x, y = sorted((lum(a), lum(b)))
    return (y + 0.05) / (x + 0.05)
```

ಕೋಡ್ ಸರಿಯಾಗಿದೆಯೇ ಎಂದು ತಿಳಿಯಲು ಗೊತ್ತಿರುವ ಉತ್ತರಗಳೊಂದಿಗೆ ಹೋಲಿಸಿ ನೋಡಬೇಕು. ಕಪ್ಪು-ಬಿಳುಪಿಗೆ 21, ಒಂದೇ ಬಣ್ಣವನ್ನು ಎರಡು ಸಲ ಕೊಟ್ಟರೆ 1 ಬರಬೇಕು. ಇವೆರಡೇ ಸಾಲವು, ಏಕೆಂದರೆ ಮೊದಲ ಹೆಜ್ಜೆಯನ್ನು ಮರೆತು 255ರಿಂದ ಭಾಗಿಸಿದ ಅಂಕೆಗಳನ್ನು ನೇರವಾಗಿ ಬಳಸಿದರೂ ಈ ಎರಡು ಉತ್ತರಗಳು ಸರಿಯಾಗಿಯೇ ಬರುತ್ತವೆ. ನಡುವಿನ ಒಂದು ಬಣ್ಣವೂ ಬೇಕು: ಬೂದು ಬಣ್ಣ `#767676` ಬಿಳಿಯ ಮೇಲೆ 4.54 ಕೊಡಬೇಕು. ಅದಕ್ಕಿಂತ ಒಂದೇ ಮೆಟ್ಟಿಲು ತಿಳಿಯಾದ `#777777` ಕೊಡುವುದು 4.48. ಇದನ್ನು 4.5 ಎಂದು ದುಂಡಗೆ ಮಾಡಿ ಪಾಸು ಮಾಡುವಂತಿಲ್ಲ; ಮಿತಿಯನ್ನು ಮೂಲ ಸಂಖ್ಯೆಯೊಂದಿಗೇ ಹೋಲಿಸಬೇಕು.

ಒಂದು ಜೋಡಿಯ ಪರೀಕ್ಷೆ

ಕೆಂಪು `#D32F2F`, ಹಸಿರು `#388E3C`. ಆ್ಯಪ್‌ಗಳಲ್ಲಿಯೂ ಗ್ರಾಫ್‌ಗಳಲ್ಲಿಯೂ ಬಹಳ ಕಾಣುವ ಜೋಡಿಯಿದು. ಬಿಳಿ ಹಿನ್ನೆಲೆಯ ಮೇಲೆ ಕೆಂಪಿನ ಅನುಪಾತ 4.98, ಹಸಿರಿನದು 4.12. ಗೆರೆಗಳಿಗೆ ಬೇಕಾದದ್ದು 3 ಮಾತ್ರವಾದ್ದರಿಂದ ಎರಡೂ ಸಲೀಸಾಗಿ ಪಾಸು. ಹಿನ್ನೆಲೆಯೊಂದಿಗೆ ಮಾತ್ರ ಹೋಲಿಸುವ ಪರೀಕ್ಷೆ ಇಲ್ಲಿಗೇ ನಿಂತುಬಿಡುತ್ತದೆ. ಅದರಿಂದ ತಿಳಿದದ್ದಾದರೂ ಏನು? ಎರಡು ಗೆರೆಗಳು ಇವೆ ಎಂಬುದು ಎಲ್ಲರಿಗೂ ಕಾಣುತ್ತದೆ ಎಂದಷ್ಟೆ. ಯಾವ ಗೆರೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಬಣ್ಣಗಳನ್ನು ಪರಸ್ಪರ ಹೋಲಿಸಬೇಕು. ಆಗ ಸಿಗುವ ಅನುಪಾತ 1.21. ಹೊಳಪಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಸಾಮಾನ್ಯ ಕಣ್ಣು ಅವುಗಳನ್ನು ಬೇರ್ಪಡಿಸುತ್ತಿರುವುದು ಕೆಂಪು-ಹಸಿರಿನ ಭೇದದಿಂದ ಮಾತ್ರ. ಬಣ್ಣಗುರುಡಿನಲ್ಲಿ ಕೈಕೊಡುವುದು ಅದೇ ಭೇದ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಣ್ಣಗುರುಡಿನ ಕಣ್ಣಿಗೆ ಆ ಬಣ್ಣಗಳು ಹೇಗೆ ಕಾಣುತ್ತವೆ ಎಂಬುದನ್ನು ಅಂದಾಜಿಸಿ ಅನುಪಾತ ಲೆಕ್ಕಹಾಕಬಹುದು. ಮಚಾಡೊ, ಒಲಿವೇರಾ, ಫರ್ನಾಂಡಿಸ್ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಇದಕ್ಕೆ ಬೇಕಾದ ಸಂಖ್ಯೆಗಳ ಕೋಷ್ಟಕಗಳಿವೆ. ಕೆಳಗಿನವು ದೋಷ ಪೂರ್ಣಪ್ರಮಾಣದಲ್ಲಿ ಇದ್ದಾಗಿನವು.

```python
DEUTAN = [[ 0.367322,  0.860646, -0.227968],
          [ 0.280085,  0.672501,  0.047413],
          [-0.011820,  0.042940,  0.968881]]
PROTAN = [[ 0.152286,  1.052583, -0.204868],
          [ 0.114503,  0.786281,  0.099216],
          [-0.003882, -0.048116,  1.051998]]

def simulate(m, v):
    return [min(1, max(0, sum(p*q for p, q in zip(row, v)))) for row in m]

red, green = rgb("#D32F2F"), rgb("#388E3C")
print(round(ratio(red, green), 2))
for m in (DEUTAN, PROTAN):
    print(round(ratio(simulate(m, red), simulate(m, green)), 2))
```

ಇಲ್ಲಿಯೂ ಕೋಷ್ಟಕವನ್ನು ಅನ್ವಯಿಸಬೇಕಾದದ್ದು ಬೆಳಕಿನ ಪ್ರಮಾಣಕ್ಕೆ ಬದಲಿಸಿದ ಸಂಖ್ಯೆಗಳಿಗೆ. 0ರಿಂದ 255ರ ಅಂಕೆಗಳಿಗೆ ನೇರವಾಗಿ ಅನ್ವಯಿಸಿದರೆ ಬಣ್ಣಗಳು ತಪ್ಪಾಗಿ ಬರುತ್ತವೆ. ಉತ್ತರಗಳು ಕ್ರಮವಾಗಿ 1.21, 1.03, 1.81. ಡ್ಯೂಟಾನ್ ಬಗೆಯವರಿಗೆ ಈ ಕೆಂಪು `#8B7C28`ನಂತೆಯೂ ಹಸಿರು `#867A42`ನಂತೆಯೂ ಕಾಣುತ್ತವೆ ಎಂಬುದು ಮಾದರಿಯ ಅಂದಾಜು. ಎರಡೂ ಮಾಸಲು ಹಳದಿಗಂದು, ಹೊಳಪೂ ಒಂದೇ. ತೆಳು ಗೆರೆಗಳಾಗಿ ಎಳೆದರೆ ಇವನ್ನು ಬೇರ್ಪಡಿಸಲು ಆಧಾರವೇ ಉಳಿಯುವುದಿಲ್ಲ.

ಪ್ರೋಟಾನ್ ಬಗೆಯವರ ಅನುಪಾತ 1.81ಕ್ಕೆ ಏರಿದ್ದಕ್ಕೆ ಕಾರಣವಿದೆ. ಕೆಂಪು ಬೆಳಕನ್ನು ಮುಖ್ಯವಾಗಿ ಹಿಡಿಯುವ ಕೋಶಗಳೇ ಅವರಲ್ಲಿ ಕೆಲಸ ಮಾಡದಿರುವುದರಿಂದ ಕೆಂಪು ಅವರಿಗೆ ಗಾಢವಾಗಿ ಕಾಣುತ್ತದೆ. ಈ ಜೋಡಿಯಲ್ಲಿ ಅದರಿಂದ ಅನುಕೂಲವೇ ಆಯಿತು. ಆದರೆ ಕಪ್ಪು ಹಿನ್ನೆಲೆಯ ಮೇಲೆ ಶುದ್ಧ ಕೆಂಪು `#FF0000` ಅಕ್ಷರಗಳನ್ನು ಬರೆದರೆ ಕಥೆ ತಿರುಗುತ್ತದೆ. ಸೂತ್ರದ ಪ್ರಕಾರ ಅನುಪಾತ 5.25, ಅಂದರೆ ಪಾಸು. ಪ್ರೋಟಾನ್ ಅಂದಾಜಿನಲ್ಲಿ ಅದು ಸುಮಾರು 3.3ಕ್ಕೆ ಕುಸಿದು 4.5ರ ಮಿತಿಗಿಂತ ಕೆಳಗಿಳಿಯುತ್ತದೆ. ಸೂತ್ರದಲ್ಲಿರುವ ತೂಕಗಳು ಸಾಮಾನ್ಯ ಕಣ್ಣಿನವು ಎಂಬುದು ಇಲ್ಲಿ ಬಯಲಾಗುತ್ತದೆ. ಕೆಂಪು ಬಣ್ಣ ಇರುವಲ್ಲೆಲ್ಲ ಬರೀ ಸೂತ್ರವನ್ನು ನಂಬದೆ ಪ್ರೋಟಾನ್ ಅಂದಾಜಿನ ಮೇಲೂ ಲೆಕ್ಕ ಮಾಡುವುದು ಇದೇ ಕಾರಣಕ್ಕೆ.

ಜೋಡಿಯನ್ನು ಸರಿಪಡಿಸುವುದು

ಬಣ್ಣಗುರುಡಿರುವವರಲ್ಲಿ ಉಳಿದಿರುವ ಎರಡೂ ಭೇದಗಳನ್ನು ಒಟ್ಟಿಗೆ ಬಳಸಿದರೆ ಜೋಡಿ ಗಟ್ಟಿಯಾಗುತ್ತದೆ: ಒಂದು ಬಣ್ಣ ನೀಲಿಯ ಕಡೆಗಿರಲಿ, ಇನ್ನೊಂದು ಹಳದಿಯ ಕಡೆಗಿರಲಿ, ಒಂದು ಗಾಢವಾಗಿರಲಿ, ಇನ್ನೊಂದು ತಿಳಿಯಾಗಿರಲಿ. ಕೆಂಪಿನ ಜಾಗಕ್ಕೆ ಕಡುಗಿತ್ತಳೆ `#D55E00`, ಹಸಿರಿನ ಜಾಗಕ್ಕೆ ಗಾಢ ನೀಲಿ `#003366` ಇಟ್ಟು ನೋಡಬಹುದು. ಹಿನ್ನೆಲೆಯ ಬಿಳಿಯನ್ನೂ ಪಟ್ಟಿಗೆ ಸೇರಿಸಿದರೆ ಎಲ್ಲ ಜೋಡಿಗಳೂ ಒಂದೇ ಸುತ್ತಿನಲ್ಲಿ ಪರೀಕ್ಷೆಗೊಳಗಾಗುತ್ತವೆ.

```python
from itertools import combinations

palette = ["#FFFFFF", "#D55E00", "#003366"]
for a, b in combinations(palette, 2):
    row = [ratio(rgb(a), rgb(b))]
    for m in (DEUTAN, PROTAN):
        row.append(ratio(simulate(m, rgb(a)), simulate(m, rgb(b))))
    print(a, b, [round(x, 2) for x in row])
```

ಪ್ರತಿ ಸಾಲಿನಲ್ಲಿ ಮೂರು ಸಂಖ್ಯೆಗಳು: ಸಾಮಾನ್ಯ ಕಣ್ಣು, ಡ್ಯೂಟಾನ್, ಪ್ರೋಟಾನ್. ಬಿಳಿಯ ಮೇಲೆ ಗಾಢ ನೀಲಿ ಮೂರರಲ್ಲೂ 11ಕ್ಕಿಂತ ಮೇಲಿದೆ, ಚಿಂತೆಯಿಲ್ಲ. ಬಿಳಿಯ ಮೇಲೆ ಕಡುಗಿತ್ತಳೆ 3.87, 3.39, 4.91, ಗೆರೆಗೆ ಸಾಕು. ಎರಡು ಬಣ್ಣಗಳ ನಡುವೆ 3.26, 3.88, 2.39. ಸಾಮಾನ್ಯ ಕಣ್ಣಿಗೆ 3ನ್ನು ದಾಟಿದ ಜೋಡಿ ಪ್ರೋಟಾನ್‌ನಲ್ಲಿ ಕೆಳಗೆ ಬಿದ್ದಿದೆ, ಏಕೆಂದರೆ ಕಡುಗಿತ್ತಳೆಯಲ್ಲಿರುವ ಕೆಂಪು ಅವರಿಗೆ ಮಂದವಾಗಿ, ಆ ಬಣ್ಣ ನೀಲಿಯ ಹೊಳಪಿನತ್ತ ಸರಿದಿದೆ. ಮಾರ್ಗಸೂಚಿಯ 3 ಪಕ್ಕಪಕ್ಕದ ಬಣ್ಣಗಳಿಗೆ ಹೇಳಿದ್ದು. ದೂರದೂರ ಇರುವ ಎರಡು ಗೆರೆಗಳ ನಡುವೆಯೂ ಅದನ್ನೇ ಬಯಸುವುದು ಇನ್ನೂ ಬಿಗಿಯಾದ ಗುರಿ. ಆ ಗುರಿ ಬೇಕೆಂದಾದರೆ ಗಾಢ ಬಣ್ಣವನ್ನು ಇನ್ನಷ್ಟು ಗಾಢ ಮಾಡಬೇಕು. ನೀಲಿಯನ್ನು `#001F4D`ಗೆ ಬದಲಿಸಿದರೆ ಜೋಡಿಯ ಅನುಪಾತಗಳು 4.17, 4.81, 3.12 ಆಗುತ್ತವೆ. ಮೂರೂ 3ರ ಮೇಲೆ.

ಈ ಬದಲಾವಣೆಗೂ ಒಂದು ಬೆಲೆಯಿದೆ. ಇಷ್ಟು ಗಾಢವಾದ ನೀಲಿ ತೆಳುಗೆರೆಯಲ್ಲಿ ಕಪ್ಪಿನಂತೆಯೇ ತೋರುತ್ತದೆ. ಗ್ರಾಫಿನ ಅಂಚು, ಅಡ್ಡಗೆರೆಗಳನ್ನೂ ಕಪ್ಪಿನಲ್ಲೇ ಎಳೆದಿದ್ದರೆ ಹೊಸ ಗೊಂದಲ ಹುಟ್ಟುತ್ತದೆ. ಅವನ್ನು ತಿಳಿ ಬೂದಿಗೆ ಬದಲಿಸಬೇಕಾಗುತ್ತದೆ. ಇನ್ನೊಂದು, ಗೆರೆಯ ಹೆಸರನ್ನು ಅದೇ ಕಡುಗಿತ್ತಳೆಯಲ್ಲಿ ಸಣ್ಣ ಅಕ್ಷರಗಳಿಂದ ಬರೆದರೆ ಬಿಳಿಯ ಮೇಲೆ ಸಿಗುವ 3.87 ಸಾಲದು, ಅಕ್ಷರಕ್ಕೆ 4.5 ಬೇಕು. ಹೆಸರನ್ನು ಕಪ್ಪಿನಲ್ಲಿ ಬರೆದು ಗೆರೆಯ ಪಕ್ಕದಲ್ಲೇ ಇಡುವುದು ಸುಲಭದ ಪರಿಹಾರ.

ಮೂರನೇ ಬಣ್ಣ ಬಂದಾಗ

ಪ್ಯಾಲೆಟ್ ಎರಡು ಬಣ್ಣಗಳಿಗೆ ನಿಲ್ಲುವುದು ಅಪರೂಪ. ಆದರೆ ಮೂರನೆಯದು ಬಂದ ಕೂಡಲೇ ಲೆಕ್ಕವೇ ಅಡ್ಡಬರುತ್ತದೆ. ಬಣ್ಣಗಳನ್ನು ತಿಳಿಯಿಂದ ಗಾಢದವರೆಗೆ ಸಾಲಾಗಿ ಇಟ್ಟರೆ ಅನುಪಾತಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಬಿಳಿಯಿಂದ ಮೊದಲ ಬಣ್ಣಕ್ಕೆ 3, ಅಲ್ಲಿಂದ ಎರಡನೆಯದಕ್ಕೆ 3 ಎಂದರೆ ಬಿಳಿಯಿಂದ ಎರಡನೆಯದಕ್ಕೆ 9. ಮೂರನೇ ಬಣ್ಣಕ್ಕೂ 3 ಬೇಕೆಂದರೆ ಬಿಳಿಯಿಂದ 27 ಆಗಬೇಕು. ಕಪ್ಪೇ 21ಕ್ಕೆ ನಿಲ್ಲುತ್ತದೆ. ಅಂದರೆ ಬಿಳಿ ಹಿನ್ನೆಲೆಯ ಮೇಲೆ ತಮ್ಮತಮ್ಮೊಳಗೂ ಹಿನ್ನೆಲೆಯೊಂದಿಗೂ 3ರ ಅನುಪಾತ ಕಾಯ್ದುಕೊಳ್ಳುವ ಮೂರು ಬಣ್ಣಗಳು ಇರಲು ಸಾಧ್ಯವೇ ಇಲ್ಲ. ಎಷ್ಟು ಹುಡುಕಿದರೂ ಸಿಗದ ಪ್ಯಾಲೆಟ್ಟಿಗಾಗಿ ಸಮಯ ಕಳೆಯುವ ಮುನ್ನ ಈ ಗುಣಾಕಾರ ತಿಳಿದಿರಬೇಕು.

ಹವಾಮಾನ ಎಚ್ಚರಿಕೆಯ ನಕ್ಷೆಗಳು ಇದಕ್ಕೆ ಹತ್ತಿರದ ಉದಾಹರಣೆ. ಭಾರತೀಯ ಹವಾಮಾನ ಇಲಾಖೆ ಜಿಲ್ಲೆಗಳನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿ ಗುರುತಿಸುತ್ತದೆ. ಹಸಿರು ಎಂದರೆ ಎಚ್ಚರಿಕೆಯಿಲ್ಲ, ಕೆಂಪು ಎಂದರೆ ಕಟ್ಟಕಡೆಯ ಎಚ್ಚರಿಕೆ. ಇಂಥ ನಾಲ್ಕು ಬಣ್ಣಗಳನ್ನು ಹೇಗೆ ಹೊಂದಿಸಿದರೂ ಎಲ್ಲ ಜೋಡಿಗಳೂ 3ನ್ನು ದಾಟುವುದಿಲ್ಲ. ಎಚ್ಚರಿಕೆಯ ಹೆಸರನ್ನೋ ಸಂಖ್ಯೆಯನ್ನೋ ಜಿಲ್ಲೆಯ ಮೇಲೆಯೇ ಬರೆದರೆ ಬಣ್ಣವನ್ನು ಗುರುತಿಸಲಾಗದವರಿಗೂ ವಿಷಯ ಮುಟ್ಟುತ್ತದೆ. ಮಾಹಿತಿಯನ್ನು ಬಣ್ಣವೊಂದರಿಂದಲೇ ತಿಳಿಸಬಾರದು ಎಂಬ ನಿಯಮ ಡಬ್ಲ್ಯುಸಿಎಜಿಯಲ್ಲಿ ಮೊದಲಿನಿಂದಲೂ ಪ್ರತ್ಯೇಕವಾಗಿಯೇ ಇದೆ. ಗ್ರಾಫ್‌ಗಳಲ್ಲಿ ಇದೇ ಕೆಲಸವನ್ನು ತುಂಡುಗೆರೆ, ಚುಕ್ಕೆಗೆರೆ, ತ್ರಿಕೋನ-ಚೌಕದ ಗುರುತುಗಳು ಮಾಡುತ್ತವೆ. ಒತ್ತೊತ್ತಾಗಿರುವ ಕಂಬಗಳ ನಡುವೆ ತೆಳುವಾದ ಬಿಳಿ ಅಂತರ ಬಿಟ್ಟರೆ ಪಕ್ಕದ ಬಣ್ಣ ಬಿಳಿಯೇ ಆಗುತ್ತದೆ. ಆಗ ಹಿನ್ನೆಲೆಯೊಂದಿಗಿನ ಅನುಪಾತ ಸಾಕು.

ಅನುಪಾತ ಅಳೆಯದಿರುವುದು

ಕಾಂಟ್ರಾಸ್ಟ್ ಅನುಪಾತ ಕಡಿಮೆ ಬಂದ ಜೋಡಿಗಳೆಲ್ಲ ಕೆಟ್ಟವಲ್ಲ. ಜಪಾನಿನ ಮಸಾತಾಕಾ ಒಕಾಬೆ ಮತ್ತು ಕೇ ಇತೊ ರೂಪಿಸಿದ ಎಂಟು ಬಣ್ಣಗಳ ಪ್ಯಾಲೆಟ್ ವೈಜ್ಞಾನಿಕ ಗ್ರಾಫ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಮೇಲೆ ಬಳಸಿದ ಕಡುಗಿತ್ತಳೆ ಅದರಿಂದಲೇ ಬಂದದ್ದು. ಅದೇ ಪ್ಯಾಲೆಟ್ಟಿನ ನೀಲಿ `#0072B2` ಮತ್ತು ಈ ಕಡುಗಿತ್ತಳೆಯ ನಡುವಣ ಅನುಪಾತ 1.34 ಮಾತ್ರ. ಸಂಖ್ಯೆಯನ್ನಷ್ಟೇ ನೋಡಿದರೆ ಇದು ಮೊದಲಿನ ಕೆಂಪು-ಹಸಿರಿಗಿಂತ ಹೆಚ್ಚೇನೂ ಉತ್ತಮವಲ್ಲ. ಆದರೆ ಡ್ಯೂಟಾನ್ ಅಂದಾಜಿನಲ್ಲಿ ಒಂದು ಹಳದಿಗಂದಾಗಿ, ಇನ್ನೊಂದು ಸ್ಪಷ್ಟ ನೀಲಿಯಾಗಿ ಉಳಿಯುತ್ತದೆ. ನೀಲಿ-ಹಳದಿಯ ಭೇದ ಅವುಗಳನ್ನು ಬೇರ್ಪಡಿಸುತ್ತದೆ. ಅನುಪಾತ ಆ ಭೇದವನ್ನು ಎಣಿಸುವುದಿಲ್ಲ. ಹಾಗೆಂದು ಆ ಸಂಖ್ಯೆಯನ್ನು ಕಡೆಗಣಿಸುವಂತೆಯೂ ಇಲ್ಲ. ಪುಟವನ್ನು ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿದಾಗ ಬಣ್ಣದ ಭೇದವೆಲ್ಲ ಅಳಿದು ಹೊಳಪಿನ ಭೇದ ಮಾತ್ರ ಉಳಿಯುತ್ತದೆ. 1.34ರ ಜೋಡಿ ಅಲ್ಲಿ ಒಂದೇ ಬೂದಾಗುತ್ತದೆ.

ಅದೇ ಪ್ಯಾಲೆಟ್ಟಿನ ಹಳದಿ `#F0E442` ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಬಿಳಿಯ ಮೇಲೆ ಅದರ ಅನುಪಾತ 1.32. ಬಿಳಿ ಕಾಗದದಲ್ಲಿ ತೆಳುಗೆರೆಯಾಗಿ ಎಳೆದರೆ ಅದು ಯಾರ ಕಣ್ಣಿಗೂ ಸರಿಯಾಗಿ ಕಾಣದು. ಉಳಿದ ಬಣ್ಣಗಳಿಂದ ಬೇರೆಯಾಗಿ ಕಾಣುವುದು ಒಂದು ಗುಣ, ಹಿನ್ನೆಲೆಯಿಂದ ಎದ್ದು ಕಾಣುವುದು ಇನ್ನೊಂದು. ಬಣ್ಣಗುರುಡಿಗೆ ಹೊಂದುವ ಪ್ಯಾಲೆಟ್ ಎಂಬ ಹೆಸರಿದ್ದರೂ ಹಿನ್ನೆಲೆಯ ಲೆಕ್ಕವನ್ನು ಬೇರೆಯಾಗಿ ಮಾಡಲೇಬೇಕು. ಬಣ್ಣ ಪಾರದರ್ಶಕವಾಗಿದ್ದರೆ ಹಿನ್ನೆಲೆಯೊಂದಿಗೆ ಬೆರೆತು ಪರದೆಯಲ್ಲಿ ಕೊನೆಗೆ ಮೂಡುವ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು; ಮೂಲ ಬಣ್ಣದ ಸಂಖ್ಯೆ ಅಲ್ಲಿ ಸುಳ್ಳಾಗುತ್ತದೆ.

ಅಂದಾಜಿನ ಮಾದರಿಗೂ ಮಿತಿಗಳಿವೆ. ಮೇಲಿನ ಕೋಷ್ಟಕಗಳು ಒಂದು ಬಗೆಯ ಕೋಶಗಳು ಪೂರ್ತಿ ಇಲ್ಲದಿರುವ ಸ್ಥಿತಿಗೆ ಸೇರಿದವು. ಹೆಚ್ಚಿನವರಲ್ಲಿ ಆ ಕೋಶಗಳು ಇರುತ್ತವೆ, ಅವುಗಳ ಸ್ಪಂದನೆ ಮಾತ್ರ ಪಲ್ಲಟಗೊಂಡಿರುತ್ತದೆ. ಅವರಿಗೆ ಬಣ್ಣಗಳ ಭೇದ ಇಷ್ಟು ಅಳಿದಿರುವುದಿಲ್ಲ. ಮಾದರಿ ಕೊಡುವುದು ಕಷ್ಟದ ಅಂಚಿನ ಚಿತ್ರ. ಗೆರೆಯ ದಪ್ಪ, ಚುಕ್ಕೆಯ ಗಾತ್ರ, ಪರದೆಯ ಹೊಳಪು, ಬಿಸಿಲಿನಲ್ಲಿ ಮೊಬೈಲ್ ನೋಡುವ ಸ್ಥಿತಿ ಇವು ಯಾವುವೂ ಲೆಕ್ಕದೊಳಗಿಲ್ಲ. ದೊಡ್ಡ ಕಂಬಗಳಲ್ಲಿ ಬೇರೆಬೇರೆಯಾಗಿ ಕಂಡ ಬಣ್ಣಗಳು ಸಣ್ಣ ಚುಕ್ಕೆಗಳಲ್ಲಿ ಒಂದಾಗಬಹುದು.

ಆದ್ದರಿಂದ ಫಲಿತಾಂಶವನ್ನು ಓದುವುದಕ್ಕೆ ಒಂದು ಕ್ರಮವಿದೆ. ಮೊದಲು ಪ್ರತಿ ಬಣ್ಣಕ್ಕೂ ಹಿನ್ನೆಲೆಯೊಂದಿಗಿನ ಅನುಪಾತವನ್ನು ಮೂರೂ ಬಗೆಯ ಕಣ್ಣುಗಳಿಗೆ ನೋಡಬೇಕು; ಇಲ್ಲಿ 3ಕ್ಕಿಂತ ಕೆಳಗಿರುವ ಬಣ್ಣವನ್ನು ಬದಲಿಸಬೇಕು, ಇಲ್ಲವೇ ಅದಕ್ಕೆ ಗಾಢವಾದ ಅಂಚು ಕೊಡಬೇಕು. ಆಮೇಲೆ ಬಣ್ಣಗಳ ನಡುವಣ ಅನುಪಾತಗಳಲ್ಲಿ 1ಕ್ಕೆ ಹತ್ತಿರವಿರುವ ಜೋಡಿಗಳನ್ನು ಆರಿಸಿಕೊಂಡು, ಅಂದಾಜಿಸಿದ ಬಣ್ಣಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು ನೀಲಿಯ ಕಡೆಗೂ ಇನ್ನೊಂದು ಹಳದಿಯ ಕಡೆಗೂ ಇದ್ದರೆ ಆ ಜೋಡಿ ಪರದೆಯ ಮೇಲೆ ಉಳಿಯಬಹುದು, ಜೆರಾಕ್ಸ್ ಆಗುವ ಪುಟದಲ್ಲಿ ಉಳಿಯಬಾರದು. ಎರಡೂ ಒಂದೇ ಕಡೆಗಿದ್ದರೆ ಒಂದನ್ನು ಗಾಢವೋ ತಿಳಿಯೋ ಮಾಡಿ ಮತ್ತೆ ಲೆಕ್ಕಹಾಕಬೇಕು. 21ರ ಮಿತಿಯೊಳಗೆ ಜಾಗ ಸಾಲದಾದಾಗ ಬಣ್ಣ ಬದಲಿಸುವುದನ್ನು ನಿಲ್ಲಿಸಿ, ಹೆಸರು, ಗುರುತು, ಗೆರೆಯ ಬಗೆಗಳನ್ನು ಸೇರಿಸಬೇಕು.